ದೊಡ್ಡ ಕಂಪನಿ ಬೆಲೆ ಇಡುವಾಗ ಸಣ್ಣವರ ಪಾಲನ್ನು ಎಲ್ಲಿ ಕಳೆಯಬೇಕು?

ಪುಣೆ, ಎಂ.ಎ. ವಿದ್ಯಾರ್ಥಿನಿ: ಒಂದು ದೊಡ್ಡ ಕಂಪನಿ, ಸುತ್ತ ತುಂಬಾ ಜನ ಸಣ್ಣ ಮಾರಾಟಗಾರರು. ಇಡೀ ಮಾರುಕಟ್ಟೆಯ ಬೇಡಿಕೆ Q = 1200 − 10P. ಸಣ್ಣವರೆಲ್ಲ ಸೇರಿ ಮಾರುವುದು S = 10P − 400. ದೊಡ್ಡ ಕಂಪನಿಗೆ ಪ್ರತಿ ಕಿಲೋಗೆ ಬೀಳುವ ವೆಚ್ಚ 30 ರೂಪಾಯಿ. ನನಗೆ ಬೆಲೆ 75 ಬರುತ್ತಿದೆ, ಉತ್ತರದ ಹಾಳೆಯಲ್ಲಿ 55 ಇದೆ. ಇದನ್ನು ಕಲಿತವರು, ಕಲಿಸಿದವರು ಹೇಗೆ ಬಿಡಿಸಿದಿರಿ ಅಂತ ಹೇಳ್ತೀರಾ?

ಠಾಣೆ, ಬಿ.ಕಾಂ.: 75 ಸರಿಯಾಗಿಯೇ ಇದೆ. ದೊಡ್ಡವನು ಬೆಲೆ ಇಡುತ್ತಾನೆ, ಸಣ್ಣವರು ಅದೇ ಬೆಲೆಗೆ ಮಾರುತ್ತಾರೆ. ದೊಡ್ಡವನ MR, ಅಂದರೆ ಇನ್ನೊಂದು ಕಿಲೋ ಮಾರಿದರೆ ಬರುವ ಹೆಚ್ಚುವರಿ ಆದಾಯ, ಮತ್ತು MC, ಅಂದರೆ ಆ ಕಿಲೋಗೆ ಬೀಳುವ ಹೆಚ್ಚುವರಿ ವೆಚ್ಚ, ಎರಡನ್ನೂ ಸಮ ಮಾಡಿದರೆ ಮುಗೀತು. ಹಾಳೆಯಲ್ಲಿ ಪ್ರಿಂಟ್ ತಪ್ಪಿರಬೇಕು, ನಮ್ಮಲ್ಲೂ ಹಾಗೆ ಆಗಿತ್ತು.

ಮಾಟುಂಗಾ, ನಿವೃತ್ತ ಮೇಷ್ಟ್ರು: ಠಾಣೆಯವರು ಹೇಳಿದ ಮೊದಲ ಎರಡು ಮಾತು ಸರಿ. MR, MC ಸಮ ಮಾಡಬೇಕು ಅನ್ನುವುದೂ ಸರಿ. ಆದರೆ ಯಾವ ಗೆರೆಯ MR? ನೀನು ಇಡೀ ಮಾರುಕಟ್ಟೆಯ ಗೆರೆಯಿಂದ ತೆಗೆದಿದ್ದೀಯ ಮಗಾ, ಅದಕ್ಕೇ 75.

ಆ 75ನ್ನೇ ಒಮ್ಮೆ ಪರೀಕ್ಷೆ ಮಾಡಿ ನೋಡು. 75ಕ್ಕೆ ಜನ ಕೊಳ್ಳುವುದು 450 ಕಿಲೋ. ದೊಡ್ಡ ಕಂಪನಿ ಆ 450 ಪೂರಾ ತನ್ನದೇ ಅಂದುಕೊಂಡು ಕೂತಿದೆ. ಆದರೆ ಅದೇ ಬೆಲೆಗೆ ಸಣ್ಣವರು 350 ಕಿಲೋ ತಂದು ಸುರಿಯುತ್ತಾರೆ. ಉಳಿದದ್ದು ಬರೀ 100. ಕಿಲೋಗೆ 45 ಲಾಭ ಸಿಕ್ಕಿದರೂ ಒಟ್ಟು 4500 ಅಷ್ಟೇ.

ಹಾಗಾಗಿ ಮೊದಲು ಕಳೆಯಬೇಕು, ಆಮೇಲೆ MR. ಕಳೆಯುವಾಗ ಪ್ರತಿ ಬೆಲೆಯಲ್ಲೂ ಪ್ರಮಾಣದಿಂದ ಪ್ರಮಾಣವನ್ನು ಕಳೆಯಬೇಕು. ತುಂಬಾ ಮಕ್ಕಳು P = ಎಂದು ತಿರುಗಿಸಿ ಬರೆದುಕೊಂಡು ಬೆಲೆಯಿಂದ ಬೆಲೆ ಕಳೆಯುತ್ತಾರೆ, ಅಲ್ಲಿಗೆ ಲೆಕ್ಕ ಕೆಟ್ಟಿತು. ಸಣ್ಣವರದು ಕಳೆದ ಮೇಲೆ ದೊಡ್ಡವರಿಗೆ ಉಳಿಯುವ ಬೇಡಿಕೆಯೇ R. ಸರಿಯಾಗಿ ಮಾಡಿದರೆ ಹೀಗೆ:

```
R  = (1200 − 10P) − (10P − 400) = 1600 − 20P
P  = 80 − R/20
MR = 80 − R/10 = 30   →  R = 500,  P = 55
```

55ಕ್ಕೆ ಸಣ್ಣವರದು 150, ದೊಡ್ಡವರದು 500. ಕೂಡಿದರೆ 650. ಬೇಡಿಕೆಯ ಗೆರೆಯಲ್ಲಿ 55 ಹಾಕಿದರೂ 650. ಈ ತಾಳೆ ನೋಡದೆ ಉತ್ತರ ಬರೆಯಬೇಡ. ಲಾಭ 25 × 500, ಅಂದರೆ 12,500.

ಇನ್ನೊಂದು ಮಾತು. R ಗೆರೆ 80ರಿಂದ 40ರವರೆಗೆ ಮಾತ್ರ ಹೀಗಿರುತ್ತದೆ. 80ಕ್ಕೆ ಸಣ್ಣವರೇ ಇಡೀ ಬೇಡಿಕೆ ಮುಗಿಸುತ್ತಾರೆ, ದೊಡ್ಡವರಿಗೆ ಏನೂ ಉಳಿಯುವುದಿಲ್ಲ. 40ಕ್ಕಿಂತ ಕೆಳಗೆ ಸಣ್ಣವರು ಅಂಗಡಿಗೇ ಬರುವುದಿಲ್ಲ, ಅಲ್ಲಿ ಮತ್ತೆ ಮಾರುಕಟ್ಟೆಯ ಗೆರೆಯೇ. ಪರೀಕ್ಷೆಯಲ್ಲಿ ಚಿತ್ರ ಬಿಡಿಸುವಾಗ ಆ ಮುರಿವು ತೋರಿಸಲೇಬೇಕು.

ಡೊಂಬಿವಲಿ, ಮನೆ ಹಿಟ್ಟು: ನಮಸ್ಕಾರ. ನಾನು ಮನೆಯಲ್ಲೇ ಇಡ್ಲಿ ದೋಸೆ ಹಿಟ್ಟು ರುಬ್ಬಿ ಕೊಡುತ್ತೇನೆ. ದೊಡ್ಡ ಕಂಪನಿ ಎದುರು ಬದುಕುವುದು ಹೇಗೆ ಅಂತ ಕೇಳಿದ್ದೀರಿ ತಾನೇ? ನನ್ನ ಅನುಭವ ಹೇಳ್ತೀನಿ. ಬೆಲೆಯಲ್ಲಿ ಅವರ ಜೊತೆ ಜಗಳಕ್ಕೆ ಹೋಗಬೇಡಿ. ಪ್ಯಾಕೆಟ್ ಹಿಟ್ಟಿನ ಬೆಲೆ ಏರಿದರೆ ನಾನೂ ಏರಿಸುತ್ತೇನೆ, ಆಗ ಜಾಸ್ತಿ ನೆನೆಹಾಕುತ್ತೇನೆ. ಮೊದಲ ಗ್ರೈಂಡರ್ ತುಂಬಾ ರುಬ್ಬುವುದು ಸುಲಭ. ಎರಡನೆಯದು ರಾತ್ರಿ ಹನ್ನೊಂದಕ್ಕೆ ಮುಗಿಯುತ್ತದೆ, ಸಹಾಯಕ್ಕೆ ಬರುವವಳಿಗೆ ಬೇರೆ ಕೊಡಬೇಕು, ಮೇ ತಿಂಗಳಲ್ಲಿ ಫ್ರಿಜ್‌ನಲ್ಲಿ ಜಾಗ ಸಾಲದೆ ಅರ್ಧ ಹುಳಿ ಬರುತ್ತದೆ. ಹಾಗಾಗಿ ಒಳ್ಳೆಯ ಬೆಲೆ ಇದ್ದರೆ ಮಾತ್ರ ಎರಡನೆಯ ಸಲ ರುಬ್ಬುವುದು. ಬೆಲೆ ಇಳಿದರೆ ಸುಮ್ನೆ ಬೇಗ ಮಲಗುತ್ತೇನೆ.

ಮಾಟುಂಗಾ, ನಿವೃತ್ತ ಮೇಷ್ಟ್ರು: ಅಕ್ಕಾ, ಹುಡುಗಿ ಕೇಳಿದ್ದು ಪರೀಕ್ಷೆಯ ಲೆಕ್ಕ. ಆದರೂ ನೀವು ಬರೆದದ್ದು ಸರಿಯಾದ ಜಾಗಕ್ಕೇ ಬಂತು. ನಿಮ್ಮ ಆ ಎರಡನೆಯ ರುಬ್ಬುವಿಕೆಯೇ ಲೆಕ್ಕದ 10P. ಬೆಲೆ ಒಂದು ರೂಪಾಯಿ ಏರಿದರೆ ನಿಮ್ಮಂಥವರೆಲ್ಲ ಸೇರಿ ಇನ್ನೂ 10 ಕಿಲೋ ತರುತ್ತೀರಿ, ಜೊತೆಗೆ ಕೊಳ್ಳುವವರು 10 ಕಿಲೋ ಕಡಿಮೆ ಕೊಳ್ಳುತ್ತಾರೆ. ದೊಡ್ಡವರಿಗೆ ಎರಡೂ ಕಡೆಯಿಂದ ಹೊಡೆತ, ಒಟ್ಟು 20. ಅದಕ್ಕೇ ಅವರು 75ರ ಆಸೆ ಬಿಟ್ಟು 55ಕ್ಕೆ ನಿಲ್ಲುವುದು.

ಮಡಗಾಂವ್, ಅಂಗಡಿ: ಮಾರಾಯ್ರೆ, 55 ಯಾಕೆ? ಬೆಲೆಯನ್ನು 40ಕ್ಕೆ ಇಳಿಸಿದರೆ ಸಣ್ಣವರೆಲ್ಲ ಜಾಗ ಖಾಲಿ ಮಾಡುತ್ತಾರೆ, ಆಮೇಲೆ ಇಡೀ ಊರು ನಮ್ಮದೇ ಅಲ್ವಾ? ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ.

ಮಾಟುಂಗಾ, ನಿವೃತ್ತ ಮೇಷ್ಟ್ರು: ಮಾಡಬಹುದು. 40ಕ್ಕೆ 800 ಕಿಲೋ ಪೂರ್ತಿ ನಿಮ್ಮದೇ, ಕಿಲೋಗೆ ಹತ್ತು ರೂಪಾಯಿ, ಒಟ್ಟು 8000. 55ರಲ್ಲಿ 12,500 ಇತ್ತು. ಓಡಿಸಿದ ಖುಷಿಗೆ 4500 ಖರ್ಚು. ಓಡಿಸಿದ ಮೇಲೆ ಬೆಲೆ ಏರಿಸಿದರೆ ಗ್ರೈಂಡರ್ ಎಲ್ಲೂ ಹೋಗಿರುವುದಿಲ್ಲ, ಅವರು ಮಾರನೇ ವಾರವೇ ಹಾಜರ್. ಓಡಿಸುವುದು ಲಾಭ ಆಗಬೇಕಾದರೆ, ಮರಳಿ ಬರುವುದಕ್ಕೆ ದೊಡ್ಡ ಖರ್ಚು ಇರಬೇಕು. ಈ ಲೆಕ್ಕದಲ್ಲಿ ಅದಿಲ್ಲ.

ನಿಜವಾದ ತಲೆನೋವು ಬೇರೆ. 55ರಲ್ಲಿ ಒಳ್ಳೆ ಲಾಭ ಕಂಡು ಹೊಸಬರು ಬರುತ್ತಾರೆ. ಸಣ್ಣವರು ಮೂರು ಪಟ್ಟಾದರು ಅನ್ನಿ, S = 30P − 1200. ಉಳಿಕೆ ಬೇಡಿಕೆ 2400 − 40P, ಬೆಲೆ 45ಕ್ಕೆ ಬೀಳುತ್ತದೆ. ದೊಡ್ಡ ಕಂಪನಿ ಮೊದಲಿಗಿಂತ ಜಾಸ್ತಿ, 600 ಕಿಲೋ ಮಾರುತ್ತದೆ, ಆದರೆ ಲಾಭ 9000ಕ್ಕೆ ಇಳಿಯುತ್ತದೆ. ಸಣ್ಣವರೆಲ್ಲ ಸೇರಿ ಮಾರುವುದು ಆಗಲೂ 150 ಕಿಲೋ, ಅದನ್ನು ಮೂರು ಪಟ್ಟು ಜನ ಹಂಚಿಕೊಳ್ಳಬೇಕು. ಬರೀ ಪಾಲು ನೋಡಿ ದೊಡ್ಡವರು ಬಲವಾದರು ಅನ್ನುವವರು ಇಲ್ಲಿ ಮೋಸ ಹೋಗುತ್ತಾರೆ.

ಅಮೆರಿಕದ ಯು.ಎಸ್. ಸ್ಟೀಲ್ ಕಂಪನಿ 1901ರಲ್ಲಿ ಶುರುವಾದಾಗ ಆ ದೇಶದ ಉಕ್ಕಿನ ಸುಮಾರು ಮೂರರಲ್ಲಿ ಎರಡು ಪಾಲು ಅದರದ್ದು. ಬೆಲೆಯನ್ನು ಎತ್ತರದಲ್ಲೇ ಇಟ್ಟುಕೊಂಡು ಬಂತು, ಆ ನೆರಳಿನಲ್ಲಿ ಉಳಿದವರು ಬೆಳೆದರು, ಅದರ ಪಾಲು ದಶಕಗಳ ಕಾಲ ಕರಗುತ್ತಾ ಹೋಯಿತು. ಅದು ಪೆದ್ದತನ ಅಲ್ಲ ಅನ್ನುವವರೂ ಇದ್ದಾರೆ. ಮುಂಚೆಯೇ ಲಾಭ ತೆಗೆದುಕೊಂಡು ಪಾಲು ನಿಧಾನವಾಗಿ ಬಿಟ್ಟುಕೊಡುವುದೂ ಒಂದು ಲೆಕ್ಕ.

ಪುಣೆ, ಎಂ.ಎ. ವಿದ್ಯಾರ್ಥಿನಿ: ಸರ್, 55 ಬಂತು, ಥ್ಯಾಂಕ್ಸ್. ಆದರೆ ಅಲ್ಲಿ ಮಾರುಕಟ್ಟೆಯ ಸ್ಥಿತಿಸ್ಥಾಪಕತ್ವ 10 × 55 / 650, ಅಂದರೆ 0.85. ಒಂದಕ್ಕಿಂತ ಕಡಿಮೆ ಇರುವ ಕಡೆ ಏಕಸ್ವಾಮ್ಯ ನಿಲ್ಲುವುದೇ ಇಲ್ಲ ಅಂತ ಕಲಿಸಿದ್ದರು?

ಮಾಟುಂಗಾ, ನಿವೃತ್ತ ಮೇಷ್ಟ್ರು: ಒಳ್ಳೆಯ ಪ್ರಶ್ನೆ. ಒಬ್ಬನೇ ಇದ್ದರೆ ನಿಲ್ಲುವುದಿಲ್ಲ. ಇಲ್ಲಿ ಅವನು ನೋಡುವುದು ತನ್ನ ಉಳಿಕೆ ಗೆರೆಯನ್ನು, ಅದರಲ್ಲಿ 20 × 55 / 500, ಅಂದರೆ 2.2. ಬೆಲೆಯಲ್ಲಿ ಲಾಭದ ಭಾಗ 25/55, ಅದು ಸರಿಯಾಗಿ 1/2.2. ತಾಳೆ ಆಯ್ತು.

ಠಾಣೆ, ಬಿ.ಕಾಂ.: ಸರಿ, ಆದರೆ ಸಣ್ಣವರು ಎಷ್ಟು ತರುತ್ತಾರೆ ಅಂತ ದೊಡ್ಡವನಿಗೆ ಮೊದಲೇ ಹೇಗೆ ಗೊತ್ತು? S ಗೆರೆ ಕೈಯಲ್ಲಿ ಕೊಟ್ಟರೆ ಯಾರು ಬೇಕಾದರೂ ಕಳೆಯುತ್ತಾರೆ.

ಡೊಂಬಿವಲಿ, ಮನೆ ಹಿಟ್ಟು: ನನ್ನದು ನನಗೇ ಗೊತ್ತಿಲ್ಲ, ಅವರಿಗೆ ಹೇಗೆ ಗೊತ್ತಾಗುತ್ತದೆ! ಮತ್ತೆ ಒಂದೇ ಬೆಲೆ ಅಂತ ಯಾಕೆ ಹಿಡಿದಿದ್ದೀರಿ? ನಮ್ಮ ಕಟ್ಟಡದವರು ಪ್ಯಾಕೆಟ್‌ಗಿಂತ ನನ್ನ ಹಿಟ್ಟಿಗೆ ಐದು ರೂಪಾಯಿ ಜಾಸ್ತಿ ಕೊಡುತ್ತಾರೆ.

ಮಾಟುಂಗಾ, ನಿವೃತ್ತ ಮೇಷ್ಟ್ರು: ಹಾಗಾದರೆ ಈ ಲೆಕ್ಕ ನಿಮಗೆ ಪೂರ್ತಿ ಕೂರುವುದಿಲ್ಲ ಅಕ್ಕಾ. ಇಲ್ಲಿ ಎಲ್ಲರ ಸರಕೂ ಒಂದೇ, ಬೆಲೆಯೂ ಒಂದೇ ಅಂತ ಹಿಡಿದಿದೆ. ಠಾಣೆಯವರ ಪ್ರಶ್ನೆಗೆ, ಹಿಂದೆ ಬೆಲೆ ಏರಿದಾಗ ಸಣ್ಣವರು ಎಷ್ಟು ತಂದರು ಅಂತ ನೋಡಿ ಅಂದಾಜು ಮಾಡುತ್ತಾರೆ. ಆ ಸಲ ಅಕ್ಕಿ, ಉದ್ದಿನಬೇಳೆ ದರವೂ ಏರಿದ್ದರೆ ಅಂದಾಜು ಹಾಳು.

ಮಡಗಾಂವ್, ಅಂಗಡಿ: ನಾನಂತೂ ಇನ್ನೂ 40ಕ್ಕೇ ಇಳಿಸುತ್ತೇನೆ.