ಟೈಮ್‌ಸ್ಟ್ಯಾಂಪ್ ಹಾಕಿದರೂ ಚಾಪ್ಟರ್ ಬರುತ್ತಿಲ್ಲ, ಗೂಗಲ್‌ನಲ್ಲೂ ಕಾಣಿಸುತ್ತಿಲ್ಲ

ಸೂಜಿದಾರ: ತಲೆ ಕೆಟ್ಟು ಹೋಗಿದೆ. ಪ್ರಿನ್ಸೆಸ್ ಕಟ್ ಬ್ಲೌಸ್ ಹೊಲಿಯುವ ಉದ್ದದ ವೀಡಿಯೊ ಯೂಟ್ಯೂಬ್‌ಗೆ ಹಾಕಿದ್ದೇನೆ. ಡಿಸ್ಕ್ರಿಪ್ಷನ್‌ನಲ್ಲಿ ಟೈಮ್‌ಸ್ಟ್ಯಾಂಪ್ ಎಲ್ಲ ಇದೆ. ಆದರೂ ವೀಡಿಯೊ ಕೆಳಗೆ ಓಡುವ ಪಟ್ಟಿ ಭಾಗವಾಗುತ್ತಿಲ್ಲ, ಗೂಗಲ್‌ನಲ್ಲಿ ಕೀ ಮೊಮೆಂಟ್ಸ್ ಕೂಡ ಇಲ್ಲ. ತೋಳು ಜೋಡಿಸೋದು ಎಲ್ಲಿದೆ ಅಂತ ಜನ ಕಾಮೆಂಟ್‌ನಲ್ಲಿ ಕೇಳುತ್ತಲೇ ಇದ್ದಾರೆ.

ಗಣಿತಮೇಷ್ಟ್ರು: 0:00 ಹಾಕಿರಲ್ಲ. ಅದಿಲ್ಲದೆ ಚಾಪ್ಟರ್ ಬರಲ್ಲ.

ಸೂಜಿದಾರ: ಮೊದಲ ಸಾಲೇ ಅದು ಸರ್.

ಗಣಿತಮೇಷ್ಟ್ರು: ಹಾಗಾದರೆ ಯಾವುದೋ ಒಂದು ಭಾಗ 10 ಸೆಕೆಂಡ್‌ಗಿಂತ ಚಿಕ್ಕದಿರಬೇಕು. ಎಲ್ಲ ಲೆಕ್ಕ ಹಾಕಿ ನೋಡಿ.

ಮಲೆನಾಡಡುಗೆ: ನಾನು ನನ್ನ ವೆಬ್‌ಸೈಟ್‌ನಲ್ಲೇ ವೀಡಿಯೊ ಇಟ್ಟು Clip ಮಾರ್ಕಪ್ ಹಾಕಿದ್ದೇನೆ, ಚೆನ್ನಾಗಿ ಬರುತ್ತಿದೆ. ಹೊಸ ಕಾಲರ್ ಮೈಕ್ ಕೂಡ ತಗೊಂಡೆ, ಒಗ್ಗರಣೆ ಸದ್ದು ಎಷ್ಟು ಸ್ಪಷ್ಟ ಅಂತೀರಿ!

ಹಳೇಎಡಿಟರ್: ಅದು ಸ್ವಂತ ಸೈಟ್‌ಗೆ. ಇವರದು ಯೂಟ್ಯೂಬ್, ಇಲ್ಲಿ ಡಿಸ್ಕ್ರಿಪ್ಷನ್ನೇ ಆಧಾರ. ಊಹೆ ಸಾಕು. ಅಮ್ಮಾ, ಆ ಸಾಲುಗಳನ್ನು ಹಾಗೇ ಕಾಪಿ ಮಾಡಿ ಇಲ್ಲಿ ಹಾಕಿ.

ಸೂಜಿದಾರ:
```
0ಃ00 ಪರಿಚಯ
4:10 ಭಾಗ 1
21:35 ಭಾಗ 2
48:20 ಭಾಗ 3
1:02:15 ಭಾಗ 4
```

ಗಣಿತಮೇಷ್ಟ್ರು: ಎಲ್ಲ ಸರಿಯಾಗೇ ಇದೆಯಲ್ಲ. ಚಾನೆಲ್ ಮೇಲೆ ಸ್ಟ್ರೈಕ್ ಇದೆಯಾ?

ಹಳೇಎಡಿಟರ್: ಸರಿ ಇಲ್ಲ ಮೇಷ್ಟ್ರೇ. ಮೊದಲ ಸಾಲಿನಲ್ಲಿರುವುದು ಕೋಲನ್ ಅಲ್ಲ, ವಿಸರ್ಗ. ಕನ್ನಡ ಕೀಬೋರ್ಡ್‌ನಲ್ಲೇ ಟೈಪ್ ಮಾಡುತ್ತಾ ಹೋದರೆ ಹೀಗಾಗುತ್ತೆ, ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ವೀಡಿಯೊ ತೆರೆದು ನೋಡಿ: 4:10 ನೀಲಿ ಲಿಂಕ್ ಆಗಿರುತ್ತೆ, ಮೊದಲನೆಯದು ಆಗಿರಲ್ಲ. ಯೂಟ್ಯೂಬ್ ಲೆಕ್ಕದಲ್ಲಿ ನಿಮ್ಮ ಟೈಮ್‌ಸ್ಟ್ಯಾಂಪ್‌ಗಳು 4:10ರಿಂದ ಶುರು, ಅದಕ್ಕೇ ಉಳಿದ ನಾಲ್ಕು ಸಾಲು ಸರಿಯಿದ್ದರೂ ಒಂದೂ ಚಾಪ್ಟರ್ ಬಂದಿಲ್ಲ. ಇಂಗ್ಲಿಷ್ ಕೀಬೋರ್ಡ್‌ಗೆ ಬದಲಾಯಿಸಿ ಆ ಸಮಯ ಮತ್ತೆ ಟೈಪ್ ಮಾಡಿ. ಅಂಕಿಗಳೂ 0, 1, 2 ಇರಲಿ, ೦, ೧, ೨ ಬೇಡ.

ಇನ್ನೊಂದು ಮಾತು. ‘ಭಾಗ 3’ ಅಂದರೆ ನೋಡುವವರಿಗೆ ಏನು ಗೊತ್ತಾಗುತ್ತೆ? ‘ತೋಳು ಜೋಡಿಸುವುದು’ ಅಂತ ಸಮಯದ ಪಕ್ಕದಲ್ಲೇ, ಅದೇ ಸಾಲಿನಲ್ಲಿ ಬರೆಯಿರಿ.

ಗಣಿತಮೇಷ್ಟ್ರು: ಹೆಸರು ಇಂಗ್ಲಿಷ್‌ನಲ್ಲಿದ್ದರೆ ಜಾಸ್ತಿ ಜನಕ್ಕೆ ಸಿಗುತ್ತೆ.

ಹಳೇಎಡಿಟರ್: ಯಾರಿಗೆ? ಕನ್ನಡದಲ್ಲಿ ಹೊಲಿಗೆ ಕಲಿಯುವವರು ‘ಬ್ಲೌಸ್ ತೋಳು’ ಅಂತಲೇ ಹುಡುಕುತ್ತಾರೆ.

ಮಲೆನಾಡಡುಗೆ: ನಾನು ಎರಡನ್ನೂ ಹಾಕುತ್ತೇನೆ. ಫೋನಿನಲ್ಲಿ ಹೆಸರು ಅರ್ಧಕ್ಕೇ ಕಟ್ ಆಗುತ್ತೆ, ಅದೊಂದೇ ತೊಂದರೆ.

ಸೂಜಿದಾರ: ಪಟ್ಟಿ ಭಾಗವಾಯಿತು! 48:20ರ ಪಕ್ಕ ‘ತೋಳು ಜೋಡಿಸುವುದು’ ಅಂತಲೂ ಬರುತ್ತಿದೆ. ಗೂಗಲ್‌ನಲ್ಲಿ ಮಾತ್ರ ಇನ್ನೂ ಇಲ್ಲ.

ಹಳೇಎಡಿಟರ್: ಗೂಗಲ್ ಆ ಪುಟವನ್ನು ಮತ್ತೆ ಓದಬೇಕು, ಅದಕ್ಕೆ ಸಮಯ ಹಿಡಿಯುತ್ತೆ. ಓದಿದ ಮೇಲೂ ತೋರಿಸಿಯೇ ತೋರಿಸುತ್ತೆ ಅಂತ ಗ್ಯಾರಂಟಿ ಇಲ್ಲ. ಅಲ್ಲಿವರೆಗೆ ಸಾಲುಗಳನ್ನು ಪದೇ ಪದೇ ಬದಲಾಯಿಸಬೇಡಿ.

ಗಣಿತಮೇಷ್ಟ್ರು: ಆ ಸ್ಟ್ರೈಕ್ ಒಂದು ಸಲ ನೋಡಿಬಿಡಿ ಅಮ್ಮಾ.