ಆಹ್ವಾನದಲ್ಲಿ ಏನನ್ನೂ ಬದಲಿಸಿಲ್ಲ, ಆದರೂ ನ್ಯೂಯಾರ್ಕಿನವರಿಗೆ ಮೀಟಿಂಗ್ ಒಂದು ಗಂಟೆ ಸರಿದಿದೆ

ತುಂಗಾತೀರ (ಮಾರ್ಚ್ 11, 2026)

ಬೆಂಗಳೂರು, ಡಬ್ಲಿನ್, ನ್ಯೂಯಾರ್ಕ್ ಹೀಗೆ ಮೂರು ಊರುಗಳಲ್ಲಿ ಹಂಚಿಹೋಗಿರುವ ಒಂಬತ್ತು ಜನರ ತಂಡ ನಮ್ಮದು. ಜನವರಿ 6ರಿಂದ ಪ್ರತಿ ಮಂಗಳವಾರ ನಮ್ಮ ಸಂಜೆ 7 ಗಂಟೆಗೆ ಮೀಟಿಂಗ್. ಗೂಗಲ್ ಕ್ಯಾಲೆಂಡರ್‌ನಿಂದ ಆಹ್ವಾನ ಕಳಿಸಿದವಳು ನಾನೇ. ಯಾರಿಗೂ ಗೊಂದಲವಾಗಬಾರದೆಂದು ವಿವರಣೆಯಲ್ಲಿ `7 PM IST / 8:30 AM EST / 1:30 PM GMT` ಎಂದು ಬರೆದಿದ್ದೆ.

ಎರಡು ತಿಂಗಳು ಒಂದು ತೊಂದರೆಯೂ ಇರಲಿಲ್ಲ. ನಿನ್ನೆ ನ್ಯೂಯಾರ್ಕಿನ ಒಬ್ಬರು ಅಲ್ಲಿನ 8:30ಕ್ಕೆ ಬಂದು, ಯಾರೂ ಕಾಣದೆ ಅರ್ಧ ಗಂಟೆ ಕಾದು ಹೋಗಿದ್ದಾರೆ. ಇನ್ನೊಬ್ಬರ ಕ್ಯಾಲೆಂಡರ್ 9:30 ಎಂದು ತೋರಿಸಿದೆ; ಆ ಹೊತ್ತಿಗೆ ಅವರಿಗೆ ಬೇರೆ ಕರೆ ಇದ್ದುದರಿಂದ ಬರಲಾಗಲಿಲ್ಲ. ಡಬ್ಲಿನ್‌ನವರಿಗೆ ಮಾತ್ರ ಎಂದಿನ 1:30. ನಾನು ಆಹ್ವಾನವನ್ನು ಮುಟ್ಟಿಯೇ ಇಲ್ಲ. ತಪ್ಪು ಎಲ್ಲಿದೆ?

ಕಾಫಿತೋಟ

ಕಾದು ಹೋದವರ ಲ್ಯಾಪ್‌ಟಾಪ್‌ನಲ್ಲಿ ಸಮಯ ತಾನಾಗಿ ಹೊಂದಿಕೊಳ್ಳುವ ಆಯ್ಕೆ ಆಫ್ ಆಗಿರಬೇಕು. ದುಬೈಗೆ ಹೋಗಿದ್ದಾಗ ನನಗೂ ಹೀಗೇ ಆಗಿತ್ತು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆನ್ ಮಾಡಿಸಿ, ಸರಿಹೋಗುತ್ತದೆ.

ಹಳೆಗಡಿಯಾರ

ಕಾಫಿತೋಟ ಅವರೇ, ಅವರ ಗಡಿಯಾರ ಕೆಟ್ಟಿಲ್ಲ. ಮಾರ್ಚ್ 8ರ ಭಾನುವಾರ ಅಮೆರಿಕದಲ್ಲಿ ಡೇಲೈಟ್ ಸೇವಿಂಗ್ ಶುರುವಾಗಿ ಗಡಿಯಾರ ಒಂದು ಗಂಟೆ ಮುಂದೆ ಹೋಯಿತು. ಐರ್ಲೆಂಡಿನಲ್ಲಿ ಅದು ಆಗುವುದು ಮಾರ್ಚ್ 29ಕ್ಕೆ. ನಮ್ಮಲ್ಲಿ ಆ ಪದ್ಧತಿಯೇ ಇಲ್ಲ. ಹಾಗಾಗಿ ನಮಗೂ ನ್ಯೂಯಾರ್ಕಿಗೂ ಹತ್ತೂವರೆ ಗಂಟೆ ಇದ್ದ ಅಂತರ ಈಗ ಒಂಬತ್ತೂವರೆ. ನಮ್ಮ ಸಂಜೆ 7 ಅಲ್ಲಿ ಈಗ 9:30.

ತುಂಗಾತೀರ ಅವರೇ, ಮೀಟಿಂಗ್‌ಗೆ ಬಂದ ಮೇಲ್‌ನಲ್ಲಿರುವ `invite.ics` ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಹೀಗೆ ಎರಡು ಸಾಲು ಇರಬೇಕು:

```
DTSTART;TZID=Asia/Kolkata:20260106T190000
RRULE:FREQ=WEEKLY;BYDAY=TU
```

ನೀವು ಭಾರತದಲ್ಲಿ ಕುಳಿತು ಆಹ್ವಾನ ಮಾಡಿದ್ದರಿಂದ ಇಡೀ ಸರಣಿಗೆ ಭಾರತದ ಸಮಯವೇ ಗೂಟ. ಪ್ರತಿ ಮಂಗಳವಾರ ಭಾರತದ 7 ಗಂಟೆ ಅಲುಗುವುದಿಲ್ಲ, ಉಳಿದವರ ಗಂಟೆ ಅದರ ಸುತ್ತ ಸರಿಯುತ್ತದೆ. ಕ್ಯಾಲೆಂಡರ್ ಹೇಳಿದ್ದನ್ನೇ ಮಾಡಿದೆ.

ನಿಜವಾಗಿ ದಾರಿ ತಪ್ಪಿಸಿದ್ದು ನೀವು ಕೈಯಾರೆ ಬರೆದ ವಿವರಣೆ. ಕ್ಯಾಲೆಂಡರ್ ತನ್ನ ಸಮಯವನ್ನು ತಿದ್ದಿಕೊಳ್ಳುತ್ತದೆ, ವಿವರಣೆಯ ಅಕ್ಷರಗಳನ್ನು ತಿದ್ದುವುದಿಲ್ಲ. ಅಲ್ಲಿನ್ನೂ 8:30 ಎಂದೇ ಇದೆ. ಅದನ್ನು ನಂಬಿದವರು ಕಾದು ಹೋದರು.

ಸಹ್ಯಾದ್ರಿ_ಕೋಡ್

ಇದಕ್ಕೆಲ್ಲ ಒಂದೇ ಮದ್ದು UTC. ಆಹ್ವಾನವನ್ನು 13:30 UTC ಎಂದು ಮಾಡಿ, ಪ್ರತಿಯೊಬ್ಬರೂ ತಮ್ಮ ಊರಿನ ಲೆಕ್ಕ ಹಾಕಿಕೊಳ್ಳಲಿ. ನಾವು ಸರ್ವರ್ ಕೆಲಸಗಳನ್ನೆಲ್ಲ ಹಾಗೆಯೇ ಇಡುತ್ತೇವೆ.

ಹಳೆಗಡಿಯಾರ

ಒಂದೇ ಸಲದ ಮೀಟಿಂಗ್‌ಗೆ ನಿಮ್ಮ ಮಾತು ಸರಿ. ವಾರ ವಾರ ಬರುವ ಮೀಟಿಂಗ್‌ಗೆ ಅದು ಏನನ್ನೂ ಬದಲಿಸುವುದಿಲ್ಲ. ಭಾರತದ ಸಮಯ ವರ್ಷವಿಡೀ UTCಗಿಂತ ಐದೂವರೆ ಗಂಟೆ ಮುಂದೆಯೇ ಇರುತ್ತದೆ. 13:30 UTC ಎಂದರೂ ನಮ್ಮ 7 ಗಂಟೆ ಎಂದರೂ ಒಂದೇ. ನ್ಯೂಯಾರ್ಕಿನವರಿಗೆ ನಿನ್ನೆ ಹಾಗೆಯೂ 9:30 ಆಗುತ್ತಿತ್ತು. ಸರ್ವರ್‌ಗೆ ಮಗುವನ್ನು ಶಾಲೆಗೆ ಬಿಡುವ ಕೆಲಸವಿಲ್ಲ, ಮನುಷ್ಯರಿಗೆ ಇದೆ.

ಯಾರ ಗಂಟೆ ಅಲುಗಿದರೆ ಹೆಚ್ಚು ತೊಂದರೆಯೋ ಅವರ ಊರನ್ನು ಗೂಟವಾಗಿ ಇಡಿ. ನಿಮ್ಮ ತಂಡದಲ್ಲಿ ಅದು ನ್ಯೂಯಾರ್ಕ್ ಎಂದು ಕಾಣುತ್ತದೆ. ಆಹ್ವಾನವನ್ನು ತೆರೆದು, ಗಂಟೆಯ ಪಕ್ಕದಲ್ಲಿರುವ `Time zone` ಒತ್ತಿ, `Eastern Time - New York` ಆರಿಸಿ, ಸಮಯವನ್ನು 8:30 AM ಮಾಡಿ. ಉಳಿಸುವಾಗ `This and following events` ಆರಿಸಿದರೆ ಹಳೆಯ ಮೀಟಿಂಗ್‌ಗಳು ಇದ್ದಂತೆಯೇ ಉಳಿಯುತ್ತವೆ.

ಉಳಿಸಿದ ಮೇಲೆ ನಿಮ್ಮ ಕ್ಯಾಲೆಂಡರ್‌ನಲ್ಲಿ ಎರಡು ದಿನ ನೋಡಿ. ಮಾರ್ಚ್ 17ಕ್ಕೆ ಸಂಜೆ 6 ಎಂದೂ ನವೆಂಬರ್ 3ಕ್ಕೆ ಸಂಜೆ 7 ಎಂದೂ ತೋರಿಸಬೇಕು. ಎರಡೂ ದಿನ ಒಂದೇ ಗಂಟೆ ಕಂಡರೆ ಗೂಟ ಇನ್ನೂ ಭಾರತದಲ್ಲೇ ಇದೆ ಎಂದರ್ಥ.

ವಿವರಣೆಯಿಂದ ಆ ಮೂರು ಸಂಕ್ಷೇಪಗಳನ್ನು ತೆಗೆದುಹಾಕಿ. EST ಅಲ್ಲಿನ ಚಳಿಗಾಲದ ಸಮಯ, ಈಗ ನಡೆಯುತ್ತಿರುವುದು EDT. IST ಇನ್ನೂ ಅಪಾಯ: ಬೇಸಿಗೆಯಲ್ಲಿ ಐರಿಷ್ ಜನ ತಮ್ಮ ಸಮಯವನ್ನೂ IST ಎಂದೇ ಬರೆಯುತ್ತಾರೆ, ಇಸ್ರೇಲಿನವರ ಚಳಿಗಾಲದ ಸಮಯಕ್ಕೂ ಅದೇ ಹೆಸರು. ನಿಮ್ಮ ಡಬ್ಲಿನ್ ಸಹೋದ್ಯೋಗಿ ಏಪ್ರಿಲ್‌ನಲ್ಲಿ `7 PM IST` ಓದಿ ತಮ್ಮ ಸಂಜೆ 7ಕ್ಕೆ ಬಂದರೆ ಅವರದೇನೂ ತಪ್ಪಿಲ್ಲ. ಬರೆಯಲೇಬೇಕೆಂದಿದ್ದರೆ "ನ್ಯೂಯಾರ್ಕ್ ಬೆಳಿಗ್ಗೆ 8:30" ಎಂದು ಊರಿನ ಹೆಸರಿನೊಂದಿಗೆ ಒಂದೇ ಸಮಯವನ್ನು ಬರೆಯಿರಿ.

ಗೋಳಗುಮ್ಮಟ

ನನ್ನದು ಇದರ ತಿರುಗುಮುರುಗು. ನನ್ನ ಸಹೋದ್ಯೋಗಿ ಇರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ಔಟ್‌ಲುಕ್‌ನಲ್ಲಿ `Mountain Time (US & Canada)` ಆರಿಸಿದ್ದೆ. ಕಳೆದ ವರ್ಷ ಚಳಿಗಾಲವೆಲ್ಲ ಸರಿಯಿತ್ತು, ಮಾರ್ಚ್ ಬಂದೊಡನೆ ಅವರಿಗೆ ಮೀಟಿಂಗ್ ಒಂದು ಗಂಟೆ ಮೊದಲೇ ಬಂದುಬಿಟ್ಟಿತು. ಅಲ್ಲಿ ಡೇಲೈಟ್ ಸೇವಿಂಗ್ ಪಾಲಿಸುವುದಿಲ್ಲ ಎಂದು ಆಮೇಲೆ ತಿಳಿಯಿತು. ಅದೇ ಪಟ್ಟಿಯಲ್ಲಿ `Arizona` ಎಂದು ಪ್ರತ್ಯೇಕವಾಗಿ ಇದೆ.

ಹಳೆಗಡಿಯಾರ

ಬಹಳ ಉಪಯುಕ್ತ. ಔಟ್‌ಲುಕ್ ಪಟ್ಟಿ ನೋಡುವವರಿಗೆ ಇನ್ನೊಂದು ಮಾತು: ನ್ಯೂಯಾರ್ಕಿನ ವಲಯದ ಮುಂದೆ ಬೇಸಿಗೆಯಲ್ಲೂ `(UTC-05:00)` ಎಂದೇ ಬರೆದಿರುತ್ತದೆ. ಅದನ್ನು ಕಂಡು ತಪ್ಪೆಂದುಕೊಂಡು, -04:00 ಇರುವ ಬೇರೆ ಊರನ್ನು ಹುಡುಕಿ ಆರಿಸಬೇಡಿ. ಆ ಅಂಕಿ ಚಳಿಗಾಲದ್ದು, ಲೆಕ್ಕ ಒಳಗೆ ಸರಿಯಾಗಿಯೇ ನಡೆಯುತ್ತದೆ.

ಸಹ್ಯಾದ್ರಿ_ಕೋಡ್

ಒಪ್ಪಿದೆ, ಸರಣಿಯ ವಿಷಯ ನನಗೆ ಹೊಳೆದಿರಲಿಲ್ಲ. ಆದರೆ ನ್ಯೂಯಾರ್ಕಿಗೆ ಗೂಟ ಇಟ್ಟರೆ ಡಬ್ಲಿನ್‌ನವರ ಗತಿ? ಮುಂದಿನ ವಾರ ಅವರಿಗೆ 12:30 ಆಗುತ್ತದಲ್ಲವೇ?

ತುಂಗಾತೀರ (ಮಾರ್ಚ್ 12)

ಕಡತ ತೆರೆದೆ. `Asia/Kolkata` ಎಂದೇ ಇತ್ತು. ನ್ಯೂಯಾರ್ಕಿಗೆ ಬದಲಿಸಿದೆ, ಮಾರ್ಚ್ 17ಕ್ಕೆ ಸಂಜೆ 6, ನವೆಂಬರ್ 3ಕ್ಕೆ 7 ತೋರಿಸುತ್ತಿದೆ. ಕಾದು ಹೋದವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ಕ್ಯಾಲೆಂಡರ್ ನೋಡಿಯೇ ಇರಲಿಲ್ಲವಂತೆ. ಜನವರಿಯಲ್ಲಿ ನಾನು ಚಾಟ್‌ನಲ್ಲಿ ಹಾಕಿದ್ದ ಅದೇ ಸಾಲನ್ನು ಪಿನ್ ಮಾಡಿಟ್ಟುಕೊಂಡಿದ್ದರು. ಅದನ್ನೂ ತೆಗೆಸಿದೆ.

ಸಹ್ಯಾದ್ರಿಯವರು ಕೇಳಿದ್ದು ನಿಜ. ಮಾರ್ಚ್ 17 ಮತ್ತು 24ರಂದು ಡಬ್ಲಿನ್‌ಗೆ 12:30, ಸರಿಯಾಗಿ ಊಟದ ಹೊತ್ತು. ಮಾರ್ಚ್ 31ರಿಂದ ಮತ್ತೆ 1:30. ಅಕ್ಟೋಬರ್ 25ಕ್ಕೆ ಅಲ್ಲಿ ಗಡಿಯಾರ ಹಿಂದೆ ಹೋದರೂ ಅಮೆರಿಕದಲ್ಲಿ ನವೆಂಬರ್ 1ರವರೆಗೆ ಹೋಗುವುದಿಲ್ಲ, ಆದ್ದರಿಂದ ಅಕ್ಟೋಬರ್ 27ರಂದೂ 12:30.

ಹಳೆಗಡಿಯಾರ

ಮೂರು ದೇಶಗಳಿಗೂ ಹೊಂದುವ ಗೂಟ ಇಲ್ಲ. ಆ ಮೂರು ಮಂಗಳವಾರಗಳನ್ನು ಮಾತ್ರ `This event` ಎಂದು ಬಿಡಿಯಾಗಿ ಬದಲಿಸಬಹುದು, ಆದರೆ ಆಗ ನ್ಯೂಯಾರ್ಕಿನವರ ಒಪ್ಪಿಗೆ ಬೇಕು. ನಾನಾದರೆ ಡಬ್ಲಿನ್‌ನವರಿಗೆ ಆ ದಿನಾಂಕಗಳನ್ನು ಈಗಲೇ ತಿಳಿಸಿ ಊಟ ಮುಂದೂಡಲು ಕೇಳುತ್ತೇನೆ.

ತುಂಗಾತೀರ

ಡಬ್ಲಿನ್‌ನ ಇಬ್ಬರಲ್ಲಿ ಒಬ್ಬರು ಒಪ್ಪಿದ್ದಾರೆ. ಇನ್ನೊಬ್ಬರು ಮಗಳನ್ನು ಶಿಶುವಿಹಾರದಿಂದ ಕರೆತರುವ ಸಮಯ ಅದೇ ಎಂದಿದ್ದಾರೆ. 17ರ ಮೀಟಿಂಗ್ ಏನು ಮಾಡುವುದೆಂದು ಇನ್ನೂ ತೀರ್ಮಾನವಾಗಿಲ್ಲ.