ಜಮೀನಿನ ದಾಖಲೆಗೆ ಡಿಗ್ರಿ, ನಿಮಿಷ, ಸೆಕೆಂಡ್: ಬದಲಿಸಿದ ಅನುಭವವಿದ್ದವರು ತಿಳಿಸಿ

ಕೇಳಿದವರು: ತುಮಕೂರಿನ ಬಳಿಯ ನಮ್ಮ ಜಮೀನಿನ ಒಂದು ಮೂಲೆಗೆ ಮೊಬೈಲ್‌ನ ನಕ್ಷೆ ಆ್ಯಪ್ 13.340881, 77.100583 ಎಂದು ತೋರಿಸುತ್ತದೆ. ದಾಖಲೆಯೊಡನೆ ಕೊಡಬೇಕಾದ ನಮೂನೆಯಲ್ಲಿ ಡಿಗ್ರಿ, ನಿಮಿಷ, ಸೆಕೆಂಡಿಗೆ ಬೇರೆ ಬೇರೆ ಕಲಂಗಳಿವೆ. ರೇಖಾಂಶವನ್ನು 77 ಡಿಗ್ರಿ, 10 ನಿಮಿಷ, 5.83 ಸೆಕೆಂಡ್ ಎಂದು ಬರೆದರೆ ಸರಿಯೇ?

ಸರ್ವೆ ಕೆಲಸದಲ್ಲಿರುವವರು: ಹಾಗೆ ಬರೆದರೆ ನಿಮ್ಮ ಮೂಲೆ ಏಳು ಕಿಲೋಮೀಟರಿಗೂ ಹೆಚ್ಚು ಪೂರ್ವಕ್ಕೆ ಸರಿದುಬಿಡುತ್ತದೆ. ಚುಕ್ಕಿಯ ಮುಂದಿನ ಅಂಕಿಗಳು ನಿಮಿಷವಲ್ಲ, ಡಿಗ್ರಿಯ ಭಾಗ. ಅವನ್ನು 60ರಿಂದ ಗುಣಿಸಿದ ಮೇಲೆಯೇ ನಿಮಿಷ ಸಿಗುತ್ತದೆ. ಅಕ್ಷಾಂಶದಲ್ಲಿ 13 ಡಿಗ್ರಿಯನ್ನು ಹಾಗೆಯೇ ಇಟ್ಟುಕೊಂಡು 0.340881 ಅನ್ನು 60ರಿಂದ ಗುಣಿಸಿದರೆ 20.45286 ಬರುತ್ತದೆ. ಅದರಲ್ಲಿ 20 ನಿಮಿಷ, ಉಳಿದ 0.45286 ಅನ್ನು ಮತ್ತೆ 60ರಿಂದ ಗುಣಿಸಿದರೆ 27.17 ಸೆಕೆಂಡ್. ರೇಖಾಂಶದಲ್ಲಿ 0.100583 × 60 = 6.03498, ಅಂದರೆ 6 ನಿಮಿಷ, 0.03498 × 60 = 2.10 ಸೆಕೆಂಡ್. ಇದನ್ನು 77 ಡಿಗ್ರಿ, 06 ನಿಮಿಷ, 02.10 ಸೆಕೆಂಡ್ ಪೂರ್ವ ಎಂದು, ಮುಂದಿನ ಸೊನ್ನೆಗಳನ್ನು ಬಿಡದೆ ಬರೆಯಿರಿ. ಸೊನ್ನೆ ಬಿಟ್ಟರೆ ನಕಲು ಮಾಡುವವರು 6 ನಿಮಿಷವನ್ನು 60 ಎಂದೋ 2.10 ಅನ್ನು 21.0 ಎಂದೋ ಓದುವ ಸಾಧ್ಯತೆ ಇದೆ.

ಬೆರಳಚ್ಚು ಅಂಗಡಿಯವರು: ನಮ್ಮಲ್ಲಿಗೆ ಇಂಥ ನಮೂನೆಗಳನ್ನು ತರುವವರಿಗೆ ನಾನೂ ಇದೇ ಕ್ರಮದಲ್ಲಿ ಲೆಕ್ಕ ಮಾಡಿಕೊಡುತ್ತೇನೆ. ಆದರೆ ಇಷ್ಟು ಅಂಕಿಗಳನ್ನು ಹೊತ್ತುಕೊಂಡು ಹೋಗುವ ಅಗತ್ಯವಿಲ್ಲ. 20.45286 ಅನ್ನು 20.45 ಎಂದು ಹಿಡಿದು, 0.45 ಅನ್ನು 60ರಿಂದ ಗುಣಿಸಿದರೆ ನೇರವಾಗಿ 27 ಸೆಕೆಂಡ್ ಬರುತ್ತದೆ. ಲೆಕ್ಕವೂ ಸುಲಭ, ಬರೆಯುವುದಕ್ಕೂ ಚೆಂದ.

ಒಬ್ಬ ರೈತರು: ನನ್ನ ಪಹಣಿಯಲ್ಲಿ ವಿಸ್ತೀರ್ಣ 2-20 ಎಂದಿದೆ. ಅದನ್ನು 2.20 ಎಕರೆ ಎಂದು ಬರೆದು ಕೊಟ್ಟಿದ್ದೇನೆ. ಅದನ್ನೂ 60ರಿಂದ ಗುಣಿಸಬೇಕಿತ್ತೇ?

ಸರ್ವೆ ಕೆಲಸದಲ್ಲಿರುವವರು: ಯಜಮಾನರೇ, ನಿಮ್ಮದು ಬೇರೆ ವಿಷಯ, ಆದರೆ ತೊಡಕು ಒಂದೇ ಜಾತಿಯದು. ಎಕರೆಗೆ 40 ಗುಂಟೆ; ಆದ್ದರಿಂದ 2 ಎಕರೆ 20 ಗುಂಟೆ ಎಂದರೆ ಎರಡೂವರೆ ಎಕರೆ, ದಶಮಾಂಶದಲ್ಲಿ 2.50. ಅದನ್ನು ತಿದ್ದಿಸಿಕೊಳ್ಳಿ.

ಬೆರಳಚ್ಚಿನವರ ಕ್ರಮ ಸರಿಯಿದೆ, ಆದರೆ ಅಂಕಿಗಳನ್ನು ನಡುವೆಯೇ ಕತ್ತರಿಸಬಾರದು. ಅಕ್ಷಾಂಶದ ಒಂದು ಸೆಕೆಂಡ್ ಸುಮಾರು 31 ಮೀಟರ್, ಕೈಬಿಟ್ಟ 0.17 ಸೆಕೆಂಡಿನಿಂದ ಮೂಲೆ ಐದು ಮೀಟರಿನಷ್ಟು ದಕ್ಷಿಣಕ್ಕೆ ಜರುಗುತ್ತದೆ, ಅಂದರೆ ಒಂದು ಬಂಡಿದಾರಿಗಿಂತ ಹೆಚ್ಚು. ಅಂಕಿಗಳನ್ನು ಕೊನೆಯ ಸೆಕೆಂಡಿನವರೆಗೂ ಉಳಿಸಿಕೊಂಡು, ಅಲ್ಲಿ ಒಮ್ಮೆ ಮಾತ್ರ ಹತ್ತಿರದ ಬೆಲೆಗೆ ತನ್ನಿ. ಆಗಲೂ ಒಂದು ಎಚ್ಚರ ಬೇಕು: 13.349999 ಎಂಬಂಥ ಸಂಖ್ಯೆಯಲ್ಲಿ 20 ನಿಮಿಷ 60.00 ಸೆಕೆಂಡ್ ಎಂದು ಬಂದುಬಿಡುತ್ತದೆ. ಅದನ್ನು 21 ನಿಮಿಷ 00.00 ಸೆಕೆಂಡ್ ಎಂದು ಬರೆಯಬೇಕು.

ಲೆಕ್ಕಪತ್ರ ನೋಡಿಕೊಳ್ಳುವವರು: ಮೂಲೆಗಳು ಹಲವಿದ್ದರೆ ಎಕ್ಸೆಲ್‌ನಲ್ಲಿ ಮಾಡುವುದು ಒಳ್ಳೆಯದು. ಡಿಗ್ರಿ ಮತ್ತು ಗಂಟೆ ಎರಡಕ್ಕೂ 60ರ ಲೆಕ್ಕವೇ ಇರುವುದರಿಂದ, ಡಿಗ್ರಿಯನ್ನು ಗಂಟೆಯೆಂದು ಭಾವಿಸಿ 24ರಿಂದ ಭಾಗಿಸಿದರೆ ಆಯಿತು.

```
=A1/24
```

ಆ ಕೋಶಕ್ಕೆ `[h]:mm:ss.00` ಎಂಬ ರೂಪ ಕೊಟ್ಟರೆ 13:20:27.17 ಎಂದು ಕಾಣುತ್ತದೆ. ಬರೆದುಕೊಂಡ ಮೇಲೆ `13°20'27.17"N 77°06'02.10"E` ಎಂದು ನಕ್ಷೆಯ ಹುಡುಕುವ ಜಾಗದಲ್ಲಿ ಟೈಪ್ ಮಾಡಿ ನೋಡಿ. ಗುರುತು ಮೊದಲಿನ ಜಾಗದಲ್ಲೇ ಬಿದ್ದರೆ ಲೆಕ್ಕ ಸರಿ.

ಸರ್ವೆ ಕೆಲಸದಲ್ಲಿರುವವರು: ಆ ಪರೀಕ್ಷೆ ಲೆಕ್ಕವನ್ನಷ್ಟೇ ಖಚಿತಪಡಿಸುತ್ತದೆ, ಜಾಗವನ್ನಲ್ಲ. ಅದೇ ಬಿಂದುವನ್ನು ದಿಶಾಂಕ್ ಆ್ಯಪ್‌ನಲ್ಲೂ ತೆರೆದು, ನಿಮ್ಮ ಸರ್ವೆ ನಂಬರಿನೊಳಗೇ ಬೀಳುತ್ತದೆಯೇ ಎಂದು ನೋಡಿ. ಇಷ್ಟಾದರೂ ಫೋನಿನ ಜಿಪಿಎಸ್ ಬಯಲಿನಲ್ಲಿಯೇ ಕೆಲವು ಮೀಟರ್ ಅತ್ತಿತ್ತ ಇರುತ್ತದೆ. ಸೆಕೆಂಡಿನ ಎರಡನೆಯ ದಶಮಾಂಶವಾದರೋ ಬರೀ 30 ಸೆಂಟಿಮೀಟರ್. ಕಲಂ ಕೇಳುತ್ತದೆಂದು ಅದನ್ನು ಬರೆಯಿರಿ, ಆದರೆ ಅದನ್ನು ನಂಬಿ ಬೇಲಿ ಹಾಕಬೇಡಿ. ಗಡಿಯ ತಕರಾರಿದ್ದರೆ ಹದ್ದುಬಸ್ತಿಗೇ ಅರ್ಜಿ ಹಾಕಬೇಕು.

ಬೆರಳಚ್ಚು ಅಂಗಡಿಯವರು: ನಡುವೆ ಕತ್ತರಿಸಬಾರದೆಂಬುದನ್ನು ಒಪ್ಪಿದೆ. ಆದರೆ ಉಪಗ್ರಹ ಚಿತ್ರದಲ್ಲಿ ಬದುವಿನ ಮೂಲೆ ನೋಡಿ ಗುರುತು ಒತ್ತುವುದೇ ಮೇಲು. ನಮ್ಮ ತೆಂಗಿನ ತೋಟಗಳಲ್ಲಿ ನಿಂತು ನೋಡಿದರೆ ಅಂಕಿಗಳು ಒಂದು ಕಡೆ ನಿಲ್ಲುವುದಿಲ್ಲ.

ಸರ್ವೆ ಕೆಲಸದಲ್ಲಿರುವವರು: ತೋಟದ ಮಟ್ಟಿಗೆ ಇರಬಹುದು. ಆದರೆ ಆ ಚಿತ್ರವೂ ಕೆಲವು ಮೀಟರ್ ಜರುಗಿರುವುದುಂಟು, ಮೇಲಿನಿಂದ ಕಾಣುವ ಬದು ಮತ್ತು ನೆಟ್ಟ ಕಲ್ಲು ಒಂದೇ ಕಡೆ ಇರಬೇಕೆಂದಿಲ್ಲ. ಬಯಲು ಹೊಲವಾದರೆ ಕಲ್ಲಿನ ಪಕ್ಕದಲ್ಲೇ ನಿಂತು, ಅಂಕಿಗಳು ಸ್ಥಿರವಾದ ಮೇಲೆ ಬರೆದುಕೊಳ್ಳುವುದನ್ನೇ ನಾನು ಹೇಳುತ್ತೇನೆ.